ಸ್ಕ್ವಾಟ್ ಮೊದಲು, ಲೆಗ್ ಪ್ರೆಸ್ ಆಮೇಲೆ: ನನ್ನ ಅನುಭವ

ಹತ್ತಿರ ಹತ್ತಿರ ಒಂದು ವರ್ಷ ನನ್ನ ಸ್ಕ್ವಾಟ್ 100 ಕೆಜಿಯಲ್ಲೇ ನಿಂತುಬಿಟ್ಟಿತ್ತು. ಐದು ರೆಪ್ ಹೊಡೆಯೋಣ ಅಂತ ಹೋದರೆ ಮೂರಕ್ಕೇ ಕಾಲು ಕೈಕೊಡುತ್ತಿತ್ತು. ಈಗ 120ರಲ್ಲಿ ಐದು ರೆಪ್, ಮೂರು ಸೆಟ್ ಬರುತ್ತಿದೆ. ಹೊಸ ವ್ಯಾಯಾಮ ಒಂದನ್ನೂ ಸೇರಿಸಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನೂ ವಾರ್ಮ್ ಅಪ್ ಮಾಡೋ ರೀತಿಯನ್ನೂ ಅಷ್ಟೇ ಬದಲಾಯಿಸಿದೆ. ಜಿಮ್‌ನಲ್ಲಿ ಜೊತೆಯವರು "ಅಷ್ಟಕ್ಕೆಲ್ಲ ಏನೂ ಆಗಲ್ಲ ಬಿಡು" ಅಂದಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡುತ್ತಿದ್ದದ್ದು ಹೀಗೆ: ಲೆಗ್ ಎಕ್ಸ್‌ಟೆನ್ಶನ್ ನಾಲ್ಕು ಸೆಟ್, ಲೆಗ್ ಪ್ರೆಸ್ ನಾಲ್ಕು ಸೆಟ್, ಆಮೇಲೆ ಸ್ಕ್ವಾಟ್. ಮಂಡಿ ಬಿಸಿಯಾಗಿರುತ್ತೆ, ಕಡಿಮೆ ತೂಕದಲ್ಲೇ ತೊಡೆಗೆ ಕೆಲಸ ಸಿಗುತ್ತೆ ಅಂತ ಟ್ರೈನರ್ ಹೇಳಿದ್ದರು. ತೊಡೆ ಬೆಳೆಸೋದಷ್ಟೇ ಗುರಿಯಾದರೆ ಆ ಮಾತು ತಪ್ಪಲ್ಲ. ನನಗೆ ಬೇಕಿದ್ದದ್ದು ಸ್ಕ್ವಾಟ್‌ನ ತೂಕ. ನಲವತ್ತು ನಿಮಿಷ ಕಾಲು ದಣಿಸಿ ರ್‍ಯಾಕ್ ಹತ್ತಿರ ಹೋದರೆ ಅದು ಎಲ್ಲಿಂದ ಬರಬೇಕು? ತಪ್ಪು ಅಲ್ಲಿದೆ ಅಂತ ಗೊತ್ತಾಗದೆ ಬೆಲ್ಟ್ ತಗೊಂಡೆ, ಮಂಡಿಗೆ ಹಾಕೋ ನೀ ಸ್ಲೀವ್ಸ್ ತಗೊಂಡೆ, ಮೂರು ಡಬ್ಬಿ ಪ್ರೀ-ವರ್ಕೌಟ್ ಪುಡಿ ಖಾಲಿ ಮಾಡಿದೆ, ಮೂರು ತಿಂಗಳು ಪರ್ಸನಲ್ ಟ್ರೈನಿಂಗ್‌ಗೂ ಕಟ್ಟಿದೆ. ಎಲ್ಲ ಕೂಡಿದರೆ ಜಿಮ್‌ನ ಒಂದು ವರ್ಷದ ಫೀಸಿಗಿಂತ ಜಾಸ್ತಿಯೇ ಆಗಿತ್ತು. ಅದರಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುತ್ತಿರೋದು ಬೆಲ್ಟ್ ಒಂದೇ.

ಕಣ್ಣು ತೆರೆಸಿದ್ದು ಫೋನ್. ಸೊಂಟದ ಎತ್ತರಕ್ಕೆ ಬೆಂಚಿನ ಮೇಲಿಟ್ಟು ಪಕ್ಕದಿಂದ ವಿಡಿಯೋ ಮಾಡಿದೆ. ಮೊದಲ ಎರಡು ರೆಪ್ ಚೆನ್ನಾಗಿದ್ದವು. ಮೂರನೆಯದರಲ್ಲಿ ಕೆಳಗಿಂದ ಏಳುವಾಗ ಸೊಂಟ ಮೊದಲು ಮೇಲೆದ್ದಿತು, ಎದೆ ಅಲ್ಲೇ ಬಗ್ಗಿಕೊಂಡಿತ್ತು, ಬಾರ್ ಪಾದದ ನಡುವಿನಿಂದ ಬೆರಳುಗಳ ಕಡೆ ಜಾರಿತ್ತು. ತೊಡೆ ಮೊದಲೇ ದಣಿದಿದ್ದರಿಂದ ಭಾರವನ್ನೆಲ್ಲ ಬೆನ್ನು ಎತ್ತಿಕೊಳ್ಳುತ್ತಿತ್ತು. ವಾರಕ್ಕೆರಡು ಸಲ ನಾನು ಅಭ್ಯಾಸ ಮಾಡುತ್ತಿದ್ದದ್ದು ಆ ಕೆಟ್ಟ ರೆಪ್ಪನ್ನೇ.

ಸರಿ, ಸ್ಕ್ವಾಟನ್ನು ಮೊದಲಿಗೆ ತಂದೆ. ಒಂದು ತಿಂಗಳು ಏನೂ ಆಗಲಿಲ್ಲ! "ನಾವು ಹೇಳಲಿಲ್ವಾ" ಅಂದರು ಜಿಮ್‌ನ ಜೊತೆಯವರು. ಆಮೇಲೆ ನೋಡಿದರೆ ವಾರ್ಮ್ ಅಪ್ ಅನ್ನೋ ಹೆಸರಲ್ಲೇ ಅರ್ಧ ಶಕ್ತಿ ಖರ್ಚಾಗುತ್ತಿತ್ತು. ಟ್ರೆಡ್‌ಮಿಲ್ ಏರಿನಲ್ಲಿ 20 ನಿಮಿಷ, ಖಾಲಿ ಬಾರ್ 15 ರೆಪ್, 60ರಲ್ಲಿ 12, 80ರಲ್ಲಿ 10. ಅದರ ಮೇಲೆ ಹೊಟ್ಟೆಯ ವ್ಯಾಯಾಮವನ್ನೂ ಶುರುವಿನಲ್ಲೇ ಮುಗಿಸುತ್ತಿದ್ದೆ, ಬಾರ್ ಹೊತ್ತಾಗ ನಡು ಬಿಗಿಹಿಡಿಯೋಕೇ ಆಗುತ್ತಿರಲಿಲ್ಲ.

ಕೊನೆಗೆ ಕೆಲಸ ಮಾಡಿದ ಸಾಲು ಇದು. ಐದು ನಿಮಿಷ ನಡಿಗೆ. ಖಾಲಿ ಬಾರ್ 8 ರೆಪ್, 50ರಲ್ಲಿ 5, 70ರಲ್ಲಿ 3, 85ರಲ್ಲಿ 2, 95ರಲ್ಲಿ ಒಂದೇ ಒಂದು. ತೂಕ ಏರಿದಂತೆ ರೆಪ್ ಇಳಿಯಬೇಕು, ಅಷ್ಟೇ. ಆಮೇಲೆ 100ರಲ್ಲಿ ಐದರ ಮೂರು ಸೆಟ್, ನಡುವೆ ಮೂರು-ನಾಲ್ಕು ನಿಮಿಷ ಪೂರ್ತಿ ವಿಶ್ರಾಂತಿ. ಅದು ಮುಗಿದ ಮೇಲೆ ರೊಮೇನಿಯನ್ ಡೆಡ್‌ಲಿಫ್ಟ್, ಲೆಗ್ ಪ್ರೆಸ್, ಲೆಗ್ ಎಕ್ಸ್‌ಟೆನ್ಶನ್, ಕೊನೆಯಲ್ಲಿ ಹೊಟ್ಟೆ.

ಮೂರನೇ ವಾರಕ್ಕೆ 100ರಲ್ಲಿ ಹದಿನೈದೂ ರೆಪ್ ಬಂದವು. ಆಮೇಲೆ ವಾರಕ್ಕೆ ಎರಡೂವರೆ ಕೆಜಿ, ಕೆಲವು ವಾರ ಏನೂ ಇಲ್ಲ. 120 ಆಗೋಕೆ ಸುಮಾರು ಐದು ತಿಂಗಳು ಹಿಡಿಯಿತು. ಲೆಗ್ ಪ್ರೆಸ್ ಮಾತ್ರ 200ರಿಂದ 160ರ ಆಸುಪಾಸಿಗೆ ಇಳಿಯಿತು. ಹಿಂದಕ್ಕೆ ಹೋದ ವ್ಯಾಯಾಮ ಸೊರಗುತ್ತೆ, ಅದನ್ನು ಒಪ್ಪಿಕೊಂಡೇ ಈ ಸಾಲು ಹಿಡಿಯಬೇಕು. ತೊಡೆಯ ಸುತ್ತಳತೆ ಇಳಿಯಲಿಲ್ಲ, ಟೇಪ್ ಹಿಡಿದು ನೋಡುತ್ತಲೇ ಇದ್ದೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಸ್ಕ್ವಾಟ್‌ಗೆ ಮುಂಚೆ ಲೆಗ್ ಕರ್ಲ್ ಹಗುರವಾಗಿ ಎರಡು ಸೆಟ್ ಮಾಡಿದರೆ ನನ್ನ ಮಂಡಿಗೆ ಹಿತವಾಗಿತ್ತು, ಸ್ಕ್ವಾಟ್‌ಗೆ ತೊಂದರೆ ಆಗಲಿಲ್ಲ. ಆಸೆಪಟ್ಟು ಭಾರ ಹಾಕಿ ನಾಲ್ಕು ಸೆಟ್ ಮಾಡಿದ ದಿನ ತೀರಾ ಕೆಳಗೆ ಕೂತಾಗ ಕಾಲು ಅಲುಗಾಡಿತು. ಎರಡಕ್ಕೇ ನಿಲ್ಲಿಸಿದ್ದೇನೆ.

ಈಗಲೂ ಮೊದಲ ಸೆಟ್‌ನ ವಿಡಿಯೋ ಬಿಡುವುದಿಲ್ಲ. ಅದರಲ್ಲೇ ಸೊಂಟ ಮೊದಲು ಎದ್ದರೆ ಆ ದಿನ ಐದು ಕೆಜಿ ಇಳಿಸಿ, ಹಿಂದಿನ ದಿನ ಏನು ಮಾಡಿದ್ದೆ ಅಂತ ನೋಡುತ್ತೇನೆ. ಹೆಚ್ಚಾಗಿ ಡೆಡ್‌ಲಿಫ್ಟ್ ಆಗಿರುತ್ತೆ. ಸದ್ಯ ಓವರ್‌ಹೆಡ್ ಪ್ರೆಸ್ಸನ್ನೂ ಬೆಂಚ್ ಪ್ರೆಸ್‌ಗಿಂತ ಮುಂದಕ್ಕೆ ತಂದಿದ್ದೇನೆ. ಎರಡು ವಾರ ಆಯಿತು, ಬೆಂಚ್‌ನಲ್ಲಿ ಒಂದೆರಡು ರೆಪ್ ಹೋಗಿವೆ, 45 ಕೆಜಿ ಪ್ರೆಸ್ ಮಾತ್ರ ನಾಲ್ಕರಿಂದ ಆರಕ್ಕೆ ಬಂದಿದೆ.