ಎರಡು ಸಲ ಎಣಿಸಿದ ಮೇಲೆ ಸಿಕ್ಕ ನಕಲು ಫೋಟೋಗಳು: ನನ್ನ ಅನುಭವ

ಸಂಗ್ರಹದಲ್ಲಿದ್ದದ್ದು ಸುಮಾರು 10 ಲಕ್ಷ ಫೋಟೋ. ಮಾರಾಟಗಾರರು ಒಂದೇ ವಸ್ತುವಿನ ಚಿತ್ರವನ್ನು ಗಾತ್ರ ಬದಲಿಸಿ, ಮತ್ತೆ ಜೆಪೆಗ್ ಮಾಡಿ, ಸ್ವಲ್ಪ ಬೆಳಕು ಏರಿಸಿ ಪದೇ ಪದೇ ಹಾಕುತ್ತಿದ್ದರು. ಅವುಗಳನ್ನು ಇಟ್ಟುಕೊಳ್ಳಲು ತಿಂಗಳು ತಿಂಗಳೂ ಬಾಡಿಗೆ. ಚಿತ್ರಕ್ಕೊಂದು 64 ಬಿಟ್ ಸಂಖ್ಯೆ ಮಾಡಿ, ಬಿಟ್ ಎಣಿಸಿ ನಕಲು ಹಿಡಿಯುತ್ತೇನೆ ಅಂದಾಗ ಜೊತೆಯವರು ನಂಬಲಿಲ್ಲ. ಜಿಪಿಯು ಇರುವ ಸರ್ವರ್ ಬಾಡಿಗೆಗೆ ತೆಗೆದುಕೋ, ಇದು ಹಳೇ ಕಾಲದ ಆಟ ಅಂದರು. ಆ ಸರ್ವರ್‌ನ ತಿಂಗಳ ಬಾಡಿಗೆ ಉಳಿತಾಯವನ್ನೆಲ್ಲ ನುಂಗಿಹಾಕುತ್ತಿತ್ತು. ಕೊನೆಗೆ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮುಗಿಯಿತು, ಸಂಗ್ರಹದ ಬಿಲ್ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿಯಿತು.

ಆ 64 ಬಿಟ್ ಸಂಖ್ಯೆಯೇ ಹ್ಯಾಶ್. ಅದನ್ನು ಮಾಡುವ ಬಗೆ ನಿಮಗೆಲ್ಲ ಗೊತ್ತಿರುವುದೇ: ಚಿತ್ರವನ್ನು 9×8ರ ಬೂದು ಚಿತ್ರವಾಗಿ ಕುಗ್ಗಿಸಿ, ಎಡದ ಚುಕ್ಕೆ ಬಲದ್ದಕ್ಕಿಂತ ಬೆಳ್ಳಗಿದ್ದರೆ 1, ಇಲ್ಲದಿದ್ದರೆ 0. ಸಾಲಿಗೆ 8 ಹೋಲಿಕೆಯಂತೆ 8 ಸಾಲಿಗೆ 64 ಬಿಟ್. ಎರಡು ಹ್ಯಾಶ್‌ಗಳ ಎಕ್ಸ್‌ಆರ್ ತೆಗೆದು ಅದರಲ್ಲಿ ಎಷ್ಟು ಒಂದು ಇವೆ ಎಂದು ಎಣಿಸಿದರೆ ಎಷ್ಟು ಜಾಗದಲ್ಲಿ ಚಿತ್ರಗಳು ಬೇರೆಯಾಗಿವೆ ಅನ್ನುವುದು, ಅಂದರೆ ಅವುಗಳ ದೂರ, ಸಿಗುತ್ತದೆ. ಮನಸ್ಸಿಗೆ ಬಂದಂತೆ ಆರಿಸಿದ ಎರಡು 64 ಬಿಟ್ ಸಂಖ್ಯೆಗಳಾದರೆ ಈ ಎಣಿಕೆ 32ರ ಸುತ್ತ ಇರುತ್ತದೆ, ಸ್ಟ್ಯಾಂಡರ್ಡ್ ಡೀವಿಯೇಶನ್ 4. ನಿಜವಾದ ಫೋಟೋಗಳಲ್ಲಿ ಹರಡು ಇದಕ್ಕಿಂತ ಅಗಲ. ಆದರೂ ನನ್ನ ನಕಲುಗಳು ಹೆಚ್ಚಾಗಿ 0ರಿಂದ 5ರೊಳಗೆ ಬೀಳುತ್ತಿದ್ದವು, ಹಾಗಾಗಿ ಮಿತಿ 7 ಇಟ್ಟೆ.

ಮೊದಲ ಓಟದಲ್ಲೇ ಡಿಸ್ಕ್ ತುಂಬಿತು. ಕೋಟಿಗಟ್ಟಲೆ ಜೋಡಿಗಳು 'ನಕಲು' ಎಂದು ಬಂದವು. ತೆರೆದು ನೋಡಿದರೆ ಒಂದರಲ್ಲಿ ಚಮಚ, ಇನ್ನೊಂದರಲ್ಲಿ ಪೆನ್ನು. ಎರಡಕ್ಕೂ ಬಿಳಿ ಹಿನ್ನೆಲೆ. ನಾನು ಹೇಳಿರಲಿಲ್ಲವೇ ಎಂದು ಜೊತೆಯವರು ಶುರು ಮಾಡಿದ್ದೂ ಅವತ್ತೇ.

ಕಾರಣ ಹ್ಯಾಶ್‌ನಲ್ಲೇ ಇದೆ. ಬಿಳಿ ಪಕ್ಕದಲ್ಲಿ ಬಿಳಿ ಇದ್ದರೆ ಎಡದ್ದು ಹೆಚ್ಚು ಬೆಳ್ಳಗಿಲ್ಲ, ಆದ್ದರಿಂದ 0. ಚಮಚದ ಹ್ಯಾಶ್‌ನಲ್ಲಿ 64ರಲ್ಲಿ ಬರೀ 5 ಒಂದು, ಪೆನ್ನಿನದ್ದರಲ್ಲೂ 5. ಎಕ್ಸ್‌ಆರ್‌ನ ಎಣಿಕೆ ಅಂದರೆ ಎರಡರ ಎಣಿಕೆಗಳ ಮೊತ್ತದಿಂದ, ಎರಡರಲ್ಲೂ ಒಂದೇ ಜಾಗದಲ್ಲಿರುವ ಒಂದುಗಳ ಎರಡರಷ್ಟನ್ನು ಕಳೆದದ್ದು. ಒಂದು ಬಿಟ್ ಕೂಡ ಸೇರದಿದ್ದರೂ ದೂರ 10 ದಾಟುವುದಿಲ್ಲ. ವಸ್ತು ನಡುವಿನಲ್ಲಿ ಇರುವುದರಿಂದ ಎರಡು ಬಿಟ್ ಸೇರಿಯೇ ಸೇರುತ್ತವೆ: 5 + 5 − 4 = 6, ಮಿತಿಯೊಳಗೆ ಬಂತು. ಒಂದು ಬದಿಯಿಂದ ಬೆಳಕು ಬಿದ್ದು ಎಡದಿಂದ ಬಲಕ್ಕೆ ಮಸುಕಾಗುತ್ತಾ ಹೋಗುವ ಚಿತ್ರಗಳಲ್ಲಿ ಇದರ ತದ್ವಿರುದ್ಧ: 60 ಒಂದು, 4 ಸೊನ್ನೆ. ಅಂಥ ಎರಡು ಚಿತ್ರಗಳ ದೂರ 8 ಮೀರಲಾರದು.

ಆಮೇಲೆ ನಾನು ಎರಡು ಸಲ ಎಣಿಸತೊಡಗಿದೆ. ಎಕ್ಸ್‌ಆರ್‌ಗೆ ಮೊದಲು ಪ್ರತಿ ಹ್ಯಾಶ್‌ನ ಸ್ವಂತ ಎಣಿಕೆ, ಆಮೇಲೆ ವ್ಯತ್ಯಾಸದ ಎಣಿಕೆ. ಸ್ವಂತ ಎಣಿಕೆ 12ಕ್ಕಿಂತ ಕಡಿಮೆ ಅಥವಾ 52ಕ್ಕಿಂತ ಹೆಚ್ಚು ಇದ್ದರೆ ಆ ಹ್ಯಾಶ್ ಒಂದನ್ನೇ ನಂಬುವುದಿಲ್ಲ. ಅದಕ್ಕೆ ಮೇಲಿಂದ ಕೆಳಕ್ಕೆ ಹೋಲಿಸಿದ ಇನ್ನೊಂದು 64 ಬಿಟ್ ಹ್ಯಾಶ್ ಮಾಡಿ, ಎರಡೂ ಮಿತಿಯೊಳಗಿದ್ದರೆ ಮಾತ್ರ ನಕಲು. ಇಷ್ಟಕ್ಕೇ ಸುಳ್ಳು ಜೋಡಿಗಳಲ್ಲಿ ಬಹುಪಾಲು ಹೋದವು. ಜೆಪೆಗ್ ಗದ್ದಲದಿಂದ ಬಿಳಿಯಲ್ಲೂ 254, 255 ಎಂದು ಏರುಪೇರಾಗಿ ಬಿಟ್‌ಗಳು ಸುಮ್ಮನೆ ಏಳುತ್ತವೆ. ಅದಕ್ಕೆ ಎಡದ್ದು ಇಷ್ಟಾದರೂ ಹೆಚ್ಚಿರಬೇಕು ಎಂಬ ಅಂತರ ಬೇಕು. ನಾನು ಎಷ್ಟು ಇಟ್ಟೆ ಎನ್ನುವುದು ನನ್ನಲ್ಲೇ ಇರಲಿ, ನಿಮ್ಮ ಚಿತ್ರಗಳಿಗೆ ನೀವೇ ಹುಡುಕಿಕೊಳ್ಳಬೇಕು.

ಇನ್ನು ವೇಗ. 10 ಲಕ್ಷ ಹ್ಯಾಶ್ ಅಂದರೆ ಸುಮಾರು 50,000 ಕೋಟಿ ಜೋಡಿ. ಪೈಥಾನ್‌ನಲ್ಲಿ `bin(x).count('1')` ಹಾಕಿ ನೂರರಲ್ಲೊಂದು ಭಾಗ ಓಡಿಸಿ ಲೆಕ್ಕ ಹಾಕಿದೆ, ಒಂದೂವರೆ ದಿನ ಆಗುತ್ತಿತ್ತು. ಹಾಗಾಗಿ ಸಿ ಭಾಷೆಗೆ ಹೋದೆ. `x & (x - 1)` ಕೊನೆಯ ಒಂದನ್ನು ಅಳಿಸುತ್ತದೆ. 1960ರಲ್ಲೇ ಪೀಟರ್ ವೆಗ್ನರ್ ಪ್ರಕಟಿಸಿದ ಉಪಾಯ. 180 ಅಂದರೆ 10110100. ಇದು 176, 160, 128, 0 ಎಂದು ನಾಲ್ಕೇ ಹೆಜ್ಜೆಯಲ್ಲಿ ಮುಗಿಯುತ್ತದೆ, ಏಕೆಂದರೆ ಅದರಲ್ಲಿರುವುದು ನಾಲ್ಕು ಒಂದು. ನನಗಂತೂ ಪೂರ್ತಿ ಎಣಿಕೆಯೇ ಬೇಕಿರಲಿಲ್ಲ, 7 ದಾಟಿತೇ ಎಂದು ತಿಳಿದರೆ ಸಾಕಿತ್ತು:

```c
int hattira(uint64_t a, uint64_t b, int k) {
    uint64_t x = a ^ b;
    while (x) {
        if (k-- == 0) return 0;
        x &= x - 1;
    }
    return 1;
}
```

ಸಂಬಂಧವಿಲ್ಲದ ಜೋಡಿಯಲ್ಲಿ 32 ಸುತ್ತಿನ ಬದಲು ಏಳೇ ಸುತ್ತು. ಪ್ರೊಸೆಸರ್‌ನ ಸ್ವಂತ `POPCNT` ಆದೇಶ ಇದನ್ನೂ ಸೋಲಿಸುತ್ತದೆ. ಆದರೆ ಜಿಸಿಸಿಯಲ್ಲಿ `__builtin_popcountll` ಬರೆದ ಮಾತ್ರಕ್ಕೆ ಅದು ಸಿಗುವುದಿಲ್ಲ. x86ನಲ್ಲಿ `-mpopcnt` ಅಥವಾ `-march=native` ಕೊಡದಿದ್ದರೆ ಕಂಪೈಲರ್ ಲೈಬ್ರರಿಯ ಫಂಕ್ಷನ್ ಕರೆಯುತ್ತದೆ. ಅಸೆಂಬ್ಲಿಯಲ್ಲಿ `__popcountdi2` ಎಂಬ ಹೆಸರು ಕಂಡರೆ ಫ್ಲ್ಯಾಗ್ ಸೇರಿಲ್ಲ ಎಂದು ತಿಳಿಯಿರಿ. ಫ್ಲ್ಯಾಗ್ ಹಾಕಿದ ಮೇಲೆ ಇಡೀ ಕೆಲಸ ಹತ್ತು-ಹನ್ನೆರಡು ನಿಮಿಷಕ್ಕೆ ಇಳಿಯಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಮಾತ್ರ ಚಿಹ್ನೆ. ಡೇಟಾಬೇಸ್‌ನ 64 ಬಿಟ್ ಕಾಲಂ ಋಣ ಸಂಖ್ಯೆಗಳನ್ನೂ ಹಿಡಿಯುವ ಬಗೆಯದು, ಆದ್ದರಿಂದ ಮೇಲಿನ ಬಿಟ್ 1 ಇದ್ದ ಹ್ಯಾಶ್‌ಗಳೆಲ್ಲ ಋಣವಾಗಿ ಹೊರಬಂದವು. ಸಿಯಲ್ಲಿ `uint64_t`ಗೆ ಹಾಕಿದರೆ ಸರಿಹೋಗುತ್ತದೆ. ಪೈಥಾನ್‌ನಲ್ಲಿ ತಾಳೆ ನೋಡುವಾಗ ಸಿಕ್ಕಿಬೀಳುತ್ತೀರಿ, ಏಕೆಂದರೆ `bin` ಆಗಲಿ 3.10ರಲ್ಲಿ ಬಂದ `int.bit_count()` ಆಗಲಿ ಋಣ ಚಿಹ್ನೆ ಬಿಟ್ಟು ಉಳಿದ ಬೆಲೆಯನ್ನು ಎಣಿಸುತ್ತವೆ. ಎರಡು ಹ್ಯಾಶ್‌ಗಳಿಗೆ ಮೇಲಿನ ಬಿಟ್ ಮತ್ತು ಕೆಳಗಿನ ಬಿಟ್ ಮಾತ್ರ ಬೇರೆ ಅಂದುಕೊಳ್ಳಿ. ನಿಜವಾದ ದೂರ 2. ಋಣ ರೂಪದಲ್ಲಿ ಎಕ್ಸ್‌ಆರ್ `-2**63 + 1`, ಅದರ ಎಣಿಕೆ 63! ಇದು ಸುಲಭಕ್ಕೆ ಬಯಲಾಗುವುದಿಲ್ಲ. ತಪ್ಪು ಎಣಿಕೆ ಹೆಚ್ಚುಕಡಿಮೆ 64ರಿಂದ ನಿಜವಾದದ್ದನ್ನು ಕಳೆದಂತೆ ಬರುತ್ತದೆ, ಹಾಗಾಗಿ ಸಂಬಂಧವಿಲ್ಲದ ಜೋಡಿಗಳು 32ರ ಸುತ್ತಲೇ ಉಳಿದು ಗ್ರಾಫ್ ಚೆನ್ನಾಗಿಯೇ ಕಾಣುತ್ತದೆ. ಪತ್ತೆ ಮಾಡುವುದು ಹೀಗೆ: ನಕಲು ಎಂದು ಬಂದ ಪಟ್ಟಿಯಲ್ಲಿ ಒಂದು ಋಣ, ಒಂದು ಧನ ಇದ್ದು, ಮೇಲಿನ ಬಿಟ್ ಅಲ್ಲದೆ ಕೆಳಗಿನ ಬಿಟ್‌ಗಳಲ್ಲೂ ಬೇರೆಯಾದ ಜೋಡಿ ಹುಡುಕಿ. ನಿಜವಾದ ನಕಲುಗಳ ಅಂಥ ಜೋಡಿ ಸಿಗದಿದ್ದರೆ ಇದೇ ತೊಂದರೆ. ಎಕ್ಸ್‌ಆರ್ ಆದ ಮೇಲೆ `& 0xFFFFFFFFFFFFFFFF` ಸೇರಿಸಿದರೆ ಮುಗಿಯಿತು.

ನಡುವೆ ಕನ್ನಡಿ ಬಿಂಬಗಳ ಮೇಲೂ ಕೈ ಆಡಿಸಿದೆ. ಚಿತ್ರವನ್ನು ಎಡ-ಬಲ ತಿರುಗಿಸಿ ಹ್ಯಾಶ್ ಮಾಡಿದರೆ, ಮೂಲದಲ್ಲಿ ಎಡ ಬೆಳ್ಳಗಿದ್ದ ಜಾಗವೆಲ್ಲ 0, ಬಲ ಬೆಳ್ಳಗಿದ್ದ ಜಾಗವೆಲ್ಲ 1. ಹಾಗಾಗಿ ಎರಡರ ಎಣಿಕೆ ಕೂಡಿಸಿದರೆ 64 ಬರಬೇಕು. ಚಮಚದ ಚಿತ್ರಕ್ಕೆ 5 ಮತ್ತು 6, ಮೊತ್ತ 11. ಕೊರತೆಯಾದ 53 ಅಂದರೆ ಪಕ್ಕಪಕ್ಕದಲ್ಲಿ ಒಂದೇ ಬಣ್ಣವಿದ್ದ ಜಾಗಗಳ ಲೆಕ್ಕ! ಚಿತ್ರ ಎಷ್ಟು ಖಾಲಿ ಎನ್ನುವುದಕ್ಕೆ ನನ್ನ 12-52ರ ಗಡಿಗಿಂತ ಇದು ನೇರವಾದ ಅಳತೆ, ಮತ್ತು ತಿರುಗಿಸಿ ಹಾಕಿದ ನಕಲುಗಳೂ ಜೊತೆಗೇ ಸಿಕ್ಕಿಬಿದ್ದವು. ಖಾಲಿ ಚಿತ್ರಗಳನ್ನು ಈಗ ಈ ಕೊರತೆ ನೋಡಿಯೇ ಬೇರ್ಪಡಿಸುತ್ತೇನೆ.

ಅಂಚು ಕತ್ತರಿಸಿದ ಫೋಟೋಗಳು ಮಾತ್ರ ಇದಕ್ಕೆ ಸಿಗುವುದಿಲ್ಲ. ಒಂದು ಬದಿಯಲ್ಲಿ ಹತ್ತನೇ ಒಂದು ಭಾಗ ಕತ್ತರಿಸಿದರೂ 9×8ರ ಚೌಕಗಳೆಲ್ಲ ಜರುಗಿ ಎಣಿಕೆ ಹಲವು ಸಲ 15, 20ಕ್ಕೆ ಏರುತ್ತದೆ. ಮಿತಿಯನ್ನು ಅಲ್ಲಿಗೆ ಏರಿಸಿದರೆ ಸಂಬಂಧವಿಲ್ಲದವೂ ಒಳನುಗ್ಗುತ್ತವೆ. ಅಂಥವನ್ನು ಈಗಲೂ ಬೇರೆ ದಾರಿಗೆ ಬಿಡುತ್ತಿದ್ದೇನೆ.