ಕಂಬಿ ಇತ್ತು, ಆದರೂ ಪಂಪು ಸುಟ್ಟಿತು: ಕುಮಟಾದ ಗುಡ್ಡದ ಮನೆಯ ಸಿಡಿಲು ಕೆಲಸ

ಮೇ ತಿಂಗಳ ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ತಮ್ಮಾ, ಸಿಡಿಲು ಮನೆಗೇ ಬಿತ್ತು. ಯಾರಿಗೂ ಏನೂ ಆಗಿಲ್ಲ. ಆದ್ರೆ ಪಂಪು ಹೋಯ್ತು, ಫ್ರಿಜ್ ಹೋಯ್ತು, ಮೀಟರ್ ಬೋರ್ಡ್ ಕಪ್ಪಾಗಿದೆ. ನೀನೇ ಹಾಕಿದ ಕಂಬಿ ಇದ್ದೂ ಹೀಗ್ಯಾಕಾಯ್ತು?"

ಸಿಡಿಲು ಹಿಡಿದು ನೆಲಕ್ಕಿಳಿಸುವ ಆ ಕಂಬಿ ನಾನೇ ಹಾಕಿದ್ದು. ವೈರಿಂಗ್ ಕೆಲಸ ಮಾಡುವವನು ನಾನು. ಅಕ್ಕನ ಮನೆ ಕುಮಟಾ ಹತ್ತಿರ ಚಿರೇಕಲ್ಲಿನ ಗುಡ್ಡದ ಮೇಲಿದೆ. ನೆಲಮಹಡಿ, ಮೇಲೆ ಎರಡು ಅಂತಸ್ತು, ಅದರ ಮೇಲೆ ನೀರಿನ ಟ್ಯಾಂಕ್. ಎಲ್ಲ ಸೇರಿ ಸುಮಾರು 13 ಮೀಟರ್ ಎತ್ತರ. ಸುತ್ತ ಬೋಳು ಗುಡ್ಡ, ಒಂದು ದೊಡ್ಡ ಮರವೂ ಇಲ್ಲ. ಟ್ಯಾಂಕಿನ ಮೇಲೆ ಒಂದು ರಾಡ್, ಅಲ್ಲಿಂದ ನೆಲಕ್ಕೆ ಒಂದು ಜಿಐ ಪಟ್ಟಿ, ಕೆಳಗೆ ಉಪ್ಪು ಇದ್ದಿಲು ತುಂಬಿದ ಒಂದು ಅರ್ಥ್ ಗುಂಡಿ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇಷ್ಟೇ ಇರುತ್ತದೆ.

ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದೆ. ರಾಡಿನ ತುದಿ ಸ್ವಲ್ಪ ಕರಗಿತ್ತು. ಅಂದರೆ ಸಿಡಿಲು ಬಿದ್ದದ್ದು ರಾಡಿಗೇ. ಪಟ್ಟಿ ಎಲ್ಲೂ ಕಡಿದಿರಲಿಲ್ಲ. ಹಾಗಾದರೆ ಎಲ್ಲಿ ತಪ್ಪಿತು? ಪಟ್ಟಿಯ ಉದ್ದಕ್ಕೂ ಕೈಯಾಡಿಸುತ್ತ ಮೇಲಿನಿಂದ ಕೆಳಗೆ ಬಂದೆ. ಮೊದಲ ಮಹಡಿಯ ಬಚ್ಚಲಮನೆ ಹೊರಗೋಡೆಯಲ್ಲಿ ಉತ್ತರ ಸಿಕ್ಕಿತು. ಅಲ್ಲಿ ಪಟ್ಟಿಯಿಂದ ಒಂದು ಗೇಣು ದೂರದಲ್ಲಿ ನೀರಿನ ಜಿಐ ಪೈಪು ಹೋಗುತ್ತದೆ. ಎರಡರ ನಡುವೆ ಗಿಲಾಯಿ ಕಿತ್ತು, ಸಣ್ಣ ತಟ್ಟೆಯಷ್ಟು ಅಗಲ ಚಿರೇಕಲ್ಲು ಕಾಣುತ್ತಿತ್ತು. ಅಂಚಿನಲ್ಲಿ ಮಸಿ. ಪೈಪಿನ ಮೇಲೆ ಅಕ್ಕಿಕಾಳಿನಷ್ಟು ಕರಗಿದ ಗುಳಿ. ಕರೆಂಟು ಪಟ್ಟಿ ಬಿಟ್ಟು ಪೈಪಿಗೆ ಹಾರಿತ್ತು. ಪೈಪಿನಿಂದ ಪಂಪಿಗೆ, ಪಂಪಿನ ವೈರ್ ಹಿಡಿದು ಮೀಟರ್ ಬೋರ್ಡಿಗೆ.

ಯಾಕೆ ಹಾರಿತು ಅನ್ನುವುದೇ ಇಲ್ಲಿ ಮುಖ್ಯ ಸಂಗತಿ. ಸಾಧಾರಣ ಸಿಡಿಲಿನಲ್ಲಿ 30,000 ಆಂಪಿಯರ್ ಹರಿಯುತ್ತದೆ ಅಂತಿಟ್ಟುಕೊಳ್ಳಿ. ಅರ್ಥ್ ಗುಂಡಿ 10 ಓಮ್ ಇದ್ದರೂ ಆ ಕ್ಷಣಕ್ಕೆ ಗುಂಡಿಯ ಹತ್ತಿರ ಮೂರು ಲಕ್ಷ ವೋಲ್ಟ್ ಏಳುತ್ತದೆ. ಗುಂಡಿ ಎಷ್ಟು ಒಳ್ಳೆಯದಿದ್ದರೂ ಪಟ್ಟಿ ಸೊನ್ನೆ ವೋಲ್ಟಿನಲ್ಲಿ ಇರುವುದಿಲ್ಲ. ಪಕ್ಕದ ಪೈಪು, ಮನೆಯ ವೈರಿಂಗಿನ ಅರ್ಥ್ ಬೇರೆ ಗುಂಡಿಗೆ ಸೇರಿದ್ದರೆ ಅವು ಸೊನ್ನೆಯ ಹತ್ತಿರವೇ ಇರುತ್ತವೆ. ಈ ಲಕ್ಷಗಟ್ಟಲೆ ವ್ಯತ್ಯಾಸವೇ ಗೋಡೆ ಒಡೆದು ಹಾರುವುದು.

ನಾನು ಆ ಮನೆಯಲ್ಲಿ ಎರಡು ಗುಂಡಿ ಬೇರೆ ಬೇರೆ ಮಾಡಿದ್ದೆ. ಸಿಡಿಲಿನದ್ದು ಒಂದು, ಮನೆಯ ಅರ್ಥಿಂಗ್‌ದು ಇನ್ನೊಂದು, ನಡುವೆ ನಾಲ್ಕು ಮೀಟರ್ ಅಂತರ. "ಸಿಡಿಲಿನ ಅರ್ಥ್ ಮನೆಯ ಅರ್ಥ್‌ಗೆ ಸೇರಿಸಬೇಡ, ಸಿಡಿಲು ಒಳಗೆ ಬರುತ್ತದೆ" ಅಂತ ನಾನು ಕಲಿತಿದ್ದೆ. ಈಗಲೂ ಬಹಳ ಜನ ಹೀಗೇ ಹೇಳುತ್ತಾರೆ. ಇದು ತಪ್ಪು. ಬೇರೆ ಇಟ್ಟರೇ ಒಳಗೆ ಬರುವುದು. ಎಲ್ಲ ಅರ್ಥ್ ಒಂದಾಗಿದ್ದರೆ ಇಡೀ ಮನೆಯ ವೋಲ್ಟೇಜ್ ಒಟ್ಟಿಗೆ ಏರುತ್ತದೆ, ಒಟ್ಟಿಗೆ ಇಳಿಯುತ್ತದೆ. ನಡುವೆ ಹಾರಲು ಕಾರಣ ಬಹಳ ಕಡಿಮೆಯಾಗುತ್ತದೆ. ಸಿಡಿಲು ರಕ್ಷಣೆಗೆ ಈಗ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಐಇಸಿ 62305 ನಿಯಮವೂ ಒಂದೇ ಜೋಡಿಸಿದ ಅರ್ಥ್ ಇರಲಿ ಅನ್ನುತ್ತದೆ.

ಗುಂಡಿಯನ್ನೂ ಅಳೆದೆ. ಹಿಂದೆ ಮಾಡಿದಾಗ ಆಗಸ್ಟ್ ತಿಂಗಳಲ್ಲಿ 14 ಓಮ್ ಬಂದಿತ್ತು. ಈಗ ಮೇನಲ್ಲಿ 70 ಓಮ್! ಚಿರೇಕಲ್ಲು ಒದ್ದೆಯಿದ್ದಾಗ ಪರವಾಗಿಲ್ಲ, ಬೇಸಿಗೆಯಲ್ಲಿ ಒಣ ಬೂದುಗುಂಬಳದ ಚಿಪ್ಪಿನ ಹಾಗೆ. ನಮ್ಮಲ್ಲಿ ಜೋರು ಸಿಡಿಲು ಬರುವುದು ಮಳೆಗಾಲದ ನಡುವೆ ಅಲ್ಲ, ಅದಕ್ಕೆ ಮುಂಚೆ ಎಪ್ರಿಲ್ ಮೇನಲ್ಲಿ, ಆಮೇಲೆ ಅಕ್ಟೋಬರ್ ಸುಮಾರಿಗೆ. ಹಾಗಾಗಿ ಆಗಸ್ಟ್ ಅಳತೆ ನಂಬಬೇಡಿ. ಇನ್ನು ಉಪ್ಪಿನ ವಿಷಯ. ಕರಾವಳಿಯಲ್ಲಿ ಬೀಳುವ ಮಳೆಗೆ ಗುಂಡಿಯ ಉಪ್ಪು ಕೆಲವೇ ವರ್ಷದಲ್ಲಿ ಕರಗಿ ಹೋಗುತ್ತದೆ. ಹೋಗುವ ಮೊದಲು ಜಿಐ ಪೈಪನ್ನೂ ತಿಂದಿರುತ್ತದೆ.

ಬಲ್ಬಿನ ಪರೀಕ್ಷೆ ಬಗ್ಗೆ ಹೇಳಲೇಬೇಕು. ಫೇಸ್‌ಗೂ ಅರ್ಥ್‌ಗೂ ನಡುವೆ 100 ವಾಟಿನ ಬಲ್ಬ್ ಹಿಡಿದು, ಉರಿದರೆ "ಅರ್ಥ್ ಫಸ್ಟ್ ಕ್ಲಾಸ್" ಅನ್ನುವವರಿದ್ದಾರೆ. ಉರಿಯುವ ಬಲ್ಬಿನದೇ ತಡೆ 530 ಓಮ್ ಸುಮಾರು. ಅದರ ಜೊತೆ 70 ಓಮಿನ ಕೆಟ್ಟ ಗುಂಡಿ ಸೇರಿದರೆ ಬಲ್ಬಿಗೆ 230ರಲ್ಲಿ 200 ವೋಲ್ಟ್ ಸಿಗುತ್ತದೆ, ಸ್ವಲ್ಪ ಮಂಕಾಗಿ ಉರಿಯುತ್ತದೆ ಅಷ್ಟೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಮೇಲಿಂದ ಅರ್ಥ್ ವೈರಿಗೆಲ್ಲ ಕರೆಂಟ್ ಬಿಟ್ಟ ಹಾಗಾಗುತ್ತದೆ, ಅಪಾಯ. ಮೂರು ಗೂಟದ ಅರ್ಥ್ ಟೆಸ್ಟರ್ ಬಾಡಿಗೆಗೂ ಸಿಗುತ್ತದೆ. ಕೊನೆಯ ಗೂಟ ಗುಂಡಿಯಿಂದ ಸುಮಾರು 30 ಮೀಟರ್ ದೂರ, ನಡುವಿನ ಗೂಟ 18 ಮೀಟರ್ ಹತ್ತಿರ. ನಡುವಿನದ್ದನ್ನು ಒಂದೆರಡು ಮೀಟರ್ ಆಚೆ ಈಚೆ ಮಾಡಿ ಅಳೆಯಿರಿ, ಅಳತೆ ಹೆಚ್ಚುಕಮ್ಮಿ ಒಂದೇ ಬರಬೇಕು. ಅಳೆಯುವ ಮೊದಲು ಪಟ್ಟಿಯನ್ನು ಗುಂಡಿಗೆ ಸೇರಿಸುವ ಟೆಸ್ಟ್ ಲಿಂಕ್ ಬಿಚ್ಚಿ, ಆ ಗುಂಡಿಯೊಂದನ್ನೇ ಬೇರೆ ಮಾಡಬೇಕು. ಗುಡುಗಿನ ಮೋಡ ಕಂಡರೆ ಆ ದಿನ ಮುಟ್ಟಲೇಬೇಡಿ.

ಈಗ ಹೊಸದಾಗಿ ಮಾಡಿದ್ದು ಹೇಳುತ್ತೇನೆ. ಮನೆ 11 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತಳತೆ 40 ಮೀಟರ್. ಒಂದು ಇಳಿಯುವ ಪಟ್ಟಿ ಯಾವ ಮನೆಗೂ ಸಾಲದು, ಕಡಿಮೆ ಅಂದರೆ ಎರಡು ಬೇಕು. ಸುಮಾರು 15 ಮೀಟರಿಗೆ ಒಂದರಂತೆ ಲೆಕ್ಕ ಹಾಕಿ ಮೂರು ಮೂಲೆಯಲ್ಲಿ ಮೂರು ಡೌನ್ ಕಂಡಕ್ಟರ್ ಇಳಿಸಿದೆ. ಕರೆಂಟು ಹಂಚಿಕೊಂಡಷ್ಟೂ ಒಂದೊಂದರ ಮೇಲಿನ ಹೊರೆ ಕಡಿಮೆ. ನಾಲ್ಕನೇ ಮೂಲೆ ಬಿಟ್ಟೆ. ಅದಕ್ಕೆ ತಾಗಿ ಕೊಟ್ಟಿಗೆ ಇದೆ. ಸಿಡಿಲು ನೆಲಕ್ಕೆ ಇಳಿದಾಗ ಗುಂಡಿಯ ಸುತ್ತ ನೆಲದಲ್ಲೇ ವೋಲ್ಟೇಜ್ ಹಂತ ಹಂತವಾಗಿ ಇಳಿಯುತ್ತದೆ. ದನದ ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಕರೆಂಟು ಒಂದು ಕಾಲಲ್ಲಿ ಹತ್ತಿ ಎದೆ ದಾಟಿ ಇನ್ನೊಂದರಲ್ಲಿ ಇಳಿಯುತ್ತದೆ. ಮರದಡಿ ನಿಂತ ದನ ಸಾಯುವುದು ಹೀಗೇ. ಜಗಲಿ, ಹೆಬ್ಬಾಗಿಲಿನಿಂದಲೂ ಪಟ್ಟಿ ಮೂರು ಮೀಟರ್ ದೂರ ಇರುವ ಹಾಗೆ ನೋಡಿಕೊಂಡೆ.

ಮೇಲೆ ಟ್ಯಾಂಕಿನ ರಾಡ್ ಹಾಗೇ ಉಳಿಯಿತು. ಆದರೆ ಅದೊಂದೇ ಇಡೀ ತಾರಸಿ ಕಾಯುವುದಿಲ್ಲ. ತಾರಸಿಯ ಅಂಚಿಗೆ ಸುತ್ತಲೂ 25×3 ಮಿ.ಮೀ. ಜಿಐ ಪಟ್ಟಿ ಹಾಯಿಸಿ, ಮೂಲೆಗಳಿಗೆ ಚಿಕ್ಕ ರಾಡ್ ಕೊಟ್ಟು ಎಲ್ಲ ಜೋಡಿಸಿದೆ.

ಇಳಿಯುವ ಪಟ್ಟಿಯಲ್ಲಿ ನನ್ನ ಹಳೆ ತಪ್ಪು ಒಂದಿತ್ತು. ತಾರಸಿಯ ಕಟ್ಟೆಗೋಡೆ 90 ಸೆಂ.ಮೀ. ಎತ್ತರ, 20 ಸೆಂ.ಮೀ. ದಪ್ಪ. ಪಟ್ಟಿಯನ್ನು ಒಳಬದಿಯಿಂದ ಹತ್ತಿಸಿ, ಮೇಲೆ ದಾಟಿಸಿ, ಹೊರಬದಿಗೆ ಇಳಿಸಿದ್ದೆ. ಸಿಡಿಲಿಗೆ ಹೀಗೆ ಹತ್ತಿ ಇಳಿಯುವ ದಾರಿ ಹಿಡಿಸದು. ಅಷ್ಟು ಬೇಗ ಏರುವ ಕರೆಂಟು ಸುತ್ತುದಾರಿ ಬಿಟ್ಟು ಗೋಡೆಯೊಳಗಿಂದ ನೇರ ನುಗ್ಗುತ್ತದೆ. ನಮ್ಮ ಹಳೆಯ ಐಎಸ್ 2309 ಸಂಹಿತೆಯಲ್ಲಿ ಇದಕ್ಕೆ ಸುಲಭದ ಲೆಕ್ಕ ಇದೆ: ಸುತ್ತಿನ ಉದ್ದ, ಅದರ ತೆರೆದ ಬಾಯಿಯ ಎಂಟು ಪಟ್ಟು ದಾಟಬಾರದು. ಇಲ್ಲಿ ಸುತ್ತು 90, 20, 90 ಸೇರಿ 200 ಸೆಂ.ಮೀ. ಬಾಯಿ 20 ಸೆಂ.ಮೀ., ಎಂಟು ಪಟ್ಟು ಅಂದರೆ 160. ದಾಟಿತು ಅಲ್ವಾ? ಕಟ್ಟೆಗೋಡೆಯ ಬುಡದಲ್ಲಿ ತೂತು ಕೊರೆದು ಪಟ್ಟಿಯನ್ನು ನೇರ ಹೊರಗೆ ತಂದೆ. ಚಿರೇಕಲ್ಲು, ಅರ್ಧ ಗಂಟೆಯ ಕೆಲಸ. ತಿರುವುಗಳನ್ನು ಮಡಚದೆ ದುಂಡಗೆ ಬಾಗಿಸಿದೆ. ಮೀಟರಿಗೊಂದು ಕ್ಲಿಪ್.

ನೆಲದ ಕೆಲಸವೇ ದೊಡ್ಡದು. ಕಲ್ಲಿನಲ್ಲಿ ಆಳ ಹೋಗುವ ಬದಲು ಸುತ್ತ ಹೋದೆ. ಗೋಡೆಯಿಂದ ಒಂದು ಮೀಟರ್ ಆಚೆ, ಮನೆಯ ಸುತ್ತ ಕಾಲುವೆ ತೆಗೆಸಿದೆವು, ಆಳ 60 ಸೆಂ.ಮೀ. ಅದರಲ್ಲಿ ದಪ್ಪ ಕಲಾಯಿಯ ಜಿಐ ಪಟ್ಟಿಯನ್ನು ಮಲಗಿಸಿ, ಕಿತ್ತ ಚಿರೇಕಲ್ಲಿನ ಪುಡಿ ಹಾಕದೆ ಗದ್ದೆಯ ಜೇಡಿಮಣ್ಣು ತಂದು ತುಂಬಿ ತುಳಿಸಿದೆವು. ಎರಡು ಟ್ರಾಕ್ಟರ್ ಮಣ್ಣು ಬೇಕಾಯಿತು. ಮೂರೂ ಪಟ್ಟಿ, ಹಳೆಯ ಎರಡೂ ಗುಂಡಿ ಈ ಸುತ್ತುಪಟ್ಟಿಗೆ ಸೇರಿದವು. ಬಾವಿಯ ಕಡೆ ತಗ್ಗಿನಲ್ಲಿ ಬೇಸಿಗೆಯಲ್ಲೂ ತೇವ ಇರುವ ಮಣ್ಣಿದೆ, ಅಲ್ಲಿಗೂ 15 ಮೀಟರ್ ಒಂದು ಕವಲು ಹಾಯಿಸಿ ಹೊಸ ಗುಂಡಿ ಮಾಡಿದೆ. ಉಪ್ಪಿನ ಬದಲು ಬೆಂಟೊನೈಟ್ ಜೇಡಿ. ಅದು ನೀರು ಹಿಡಿದುಕೊಳ್ಳುತ್ತದೆ, ಲೋಹ ತಿನ್ನುವುದಿಲ್ಲ.

ಕರಾವಳಿಯಲ್ಲಿ ಪಟ್ಟಿ ಮೊದಲು ಸಾಯುವುದು ನೆಲಕ್ಕೆ ಇಳಿಯುವ ಜಾಗದಲ್ಲಿ. ಗಾಳಿ, ಉಪ್ಪು, ಒದ್ದೆ ಮಣ್ಣು ಅಲ್ಲಿ ಸೇರುತ್ತವೆ. ನೆಲದ ಮೇಲೆ 30 ಸೆಂ.ಮೀ., ಕೆಳಗೆ 30 ಸೆಂ.ಮೀ. ಡಾಂಬರು ಟೇಪ್ ಸುತ್ತಿದೆ. ತಾಮ್ರವನ್ನು ಜಿಐಗೆ ನೇರ ತಾಗಿಸಲಿಲ್ಲ. ಹಾಗೆ ತಾಗಿಸಿದ ಹಳೆಯ ಜಾಯಿಂಟ್ ಒಂದು ಬೆರಳಲ್ಲಿ ಮುಟ್ಟಿದರೆ ಉದುರುವಷ್ಟು ತುಕ್ಕು ಹಿಡಿದಿತ್ತು. ನಡುವೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಹಾಕಿ, ನೆಲದ ಮೇಲೆಯೇ ಕಣ್ಣಿಗೆ ಕಾಣುವ ಹಾಗೆ ಇಟ್ಟೆ.

ಕೊನೆಗೆ ಸೇರಿಸುವ ಕೆಲಸ. ಮೀಟರ್ ಬೋರ್ಡಿನ ಕೆಳಗೆ ಒಂದು ಅರ್ಥ್ ಬಾರ್ ಕೂರಿಸಿದೆ. ಮನೆಯ ಅರ್ಥ್, ನೀರಿನ ಪೈಪು, ಪಂಪಿನ ಮೈ, ಸೋಲಾರ್ ಹೀಟರಿನ ಸ್ಟ್ಯಾಂಡ್, ಡಿಶ್ ಕೇಬಲ್ಲಿನ ಹೊರಜಾಲರಿ, ಎಲ್ಲ ಅದಕ್ಕೆ ಬಂದವು. ಬಾರಿನಿಂದ ಸುತ್ತುಪಟ್ಟಿಗೆ 16 ಚದರ ಮಿ.ಮೀ. ತಾಮ್ರದ ವೈರ್. ಬಚ್ಚಲಮನೆಯ ಹತ್ತಿರ ಹಾರಿದ ಜಾಗದಲ್ಲಿ ಪೈಪನ್ನು ಪಟ್ಟಿಗೇ ನೇರ ಕಟ್ಟಿದೆ.

ಆದರೆ ಫೇಸ್ ಮತ್ತು ನ್ಯೂಟ್ರಲ್ ವೈರನ್ನು ಅರ್ಥ್‌ಗೆ ಹೀಗೆ ಕಟ್ಟಲಾಗದು ತಾನೆ? ಅವು ದೂರದ ಟ್ರಾನ್ಸ್‌ಫಾರ್ಮರಿನಿಂದ ಬರುತ್ತವೆ, ಅಲ್ಲಿಯ ವೋಲ್ಟೇಜಿನಲ್ಲೇ ನಿಂತಿರುತ್ತವೆ. ಅದಕ್ಕೇ ಎಸ್‌ಪಿಡಿ, ಅಂದರೆ ಜಿಗಿದ ವೋಲ್ಟೇಜ್ ತಡೆಯುವ ಸಾಧನ ಬೇಕು. ಮಾಮೂಲು ದಿನ ಅದು ಸುಮ್ನೆ ಇರುತ್ತದೆ, ವೋಲ್ಟೇಜ್ ಜಿಗಿದಾಗ ಮಾತ್ರ ಈ ವೈರುಗಳನ್ನು ಅರ್ಥ್‌ಗೆ ಸೇರಿಸುತ್ತದೆ. ಮೇಲೆ ಕಂಬಿ ಇರುವ ಮನೆಗೆ ಮುಖ್ಯ ಬೋರ್ಡಿನಲ್ಲಿ ಸಿಡಿಲಿನ ಕರೆಂಟನ್ನೇ ತಾಳುವ ಟೈಪ್ 1 ಇರಬೇಕು, ಬರೀ ಟೈಪ್ 2 ಸಾಲದು. ಅದರ ಎರಡೂ ಕಡೆಯ ವೈರ್ ಸೇರಿ ಅರ್ಧ ಮೀಟರ್ ಒಳಗಿರಲಿ, ಉದ್ದವಾದರೆ ಪ್ರಯೋಜನ ಹೋಗುತ್ತದೆ. ಎಂಸಿಬಿ, ಆರ್‌ಸಿಸಿಬಿ ಈ ಕೆಲಸ ಮಾಡುವುದಿಲ್ಲ, ಅವು ಅಷ್ಟು ಬೇಗ ಏಳುವುದೇ ಇಲ್ಲ.

ಮುಂದಿನ ವರ್ಷ ಎಪ್ರಿಲ್ ಕೊನೆಯಲ್ಲಿ ಒಟ್ಟು ಅಳತೆ 9 ಓಮ್ ಬಂತು. 10ರ ಒಳಗೆ ಇರಬೇಕು ಅನ್ನುವುದು ನಾವು ಇಟ್ಟುಕೊಳ್ಳುವ ಗುರಿ. ಈಗ ಪ್ರತಿ ವರ್ಷ ಅದೇ ಹೊತ್ತಿಗೆ ಹೋಗುತ್ತೇನೆ. ಟೆಸ್ಟ್ ಲಿಂಕ್ ಬಿಚ್ಚಿ ಅಳೆಯುತ್ತೇನೆ, ಟೇಪಿನ ಕೆಳಗೆ ಒಂದು ಕಡೆ ಕೆದರಿ ಪಟ್ಟಿ ನೋಡುತ್ತೇನೆ, ಎಸ್‌ಪಿಡಿಯ ಕಿಟಕಿ ಹಸಿರಿದೆಯೋ ಕೆಂಪಾಗಿದೆಯೋ ನೋಡುತ್ತೇನೆ. ಹೋದ ಸಲ ತಾರಸಿಯ ಒಂದು ಕ್ಲಾಂಪ್ ಸಡಿಲವಿತ್ತು. ಪೇಂಟ್ ಹೊಡೆಯಲು ಬಂದವರು ಬಿಚ್ಚಿ, ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದರು. ಸ್ಪ್ಯಾನರ್ ಹಾಕಿ ಬಿಗಿ ಮಾಡಿ ಬಂದೆ.