ಮೂರು ಬೀಜ, ಒಂದೇ ರುಚಿ: ಎಸ್ಪ್ರೆಸೊ ಬ್ಲೆಂಡ್ ಕಟ್ಟುವುದು ಹೇಗೆ?

ಬ್ಲೆಂಡ್‌ಗೆ ಮೂರು ಬಗೆಯ ಬೀಜ ಸಾಕು. ಸಿಹಿ ಮತ್ತು ಗಟ್ಟಿತನಕ್ಕೆ ಸ್ವಲ್ಪ ಗಾಢವಾಗಿ ಹುರಿದ ಬ್ರೆಜಿಲ್, ನಡುವಿನ ಹದಕ್ಕೆ ಮಧ್ಯಮ ಹುರಿತದ ಕೊಲಂಬಿಯಾ, ಹಣ್ಣಿನ ಘಮಕ್ಕೆ ತುಸು ತಿಳಿಯಾಗಿ ಹುರಿದ ಇಥಿಯೋಪಿಯಾ.

ಮೊದಲು ಒಂದೊಂದನ್ನೂ ಬೇರೆಯಾಗಿ ಎಸ್ಪ್ರೆಸೊ ಮಾಡಿ. 18 ಗ್ರಾಂ ಪುಡಿ ಹಾಕಿ, 30 ಸೆಕೆಂಡಿನ ಆಸುಪಾಸಿನಲ್ಲಿ 36 ಗ್ರಾಂ ಕಾಫಿ ಇಳಿಯುವಂತೆ ಗ್ರೈಂಡರ್ ಹೊಂದಿಸಿ. ಆಮೇಲೆ ಖಾಲಿ ಕಪ್ಪಿಗೆ ಬ್ರೆಜಿಲ್ 5 ಚಮಚ, ಕೊಲಂಬಿಯಾ 3, ಇಥಿಯೋಪಿಯಾ 2 ಹಾಕಿ ಕಲಸಿ ಕುಡಿಯಿರಿ. ಹುಳಿ ಮುಂದೆ ಬಂತಾ? ಇಥಿಯೋಪಿಯಾ ಅರ್ಧ ಚಮಚ ಇಳಿಸಿ, ಬ್ರೆಜಿಲ್ ಅಷ್ಟೇ ಏರಿಸಿ. ಕಿಲೋಗಟ್ಟಲೆ ಬೀಜ ಬೆರೆಸಿ ಕೆಡಿಸುವ ಬದಲು ಅಳತೆಯ ದಾರಿ ಇಲ್ಲೇ ಸಿಗುತ್ತದೆ.

ಇದು ದಾರಿ ಮಾತ್ರ. ಚಮಚದಲ್ಲಿ ಬೆರೆಸುವಾಗ ಮೂರರ ಪುಡಿಗೂ ಅವುಗಳದ್ದೇ ನುಣುಪು ಇತ್ತು. ಬೀಜ ಬೆರೆಸಿದ ಮೇಲೆ ಎಲ್ಲಕ್ಕೂ ಒಂದೇ ನುಣುಪು. ಗಾಢವಾಗಿ ಹುರಿದ ಬೀಜ ಪೊಳ್ಳಾಗಿ ಸುಲಭವಾಗಿ ಪುಡಿಯಾಗುತ್ತದೆ, ರಸವನ್ನೂ ಬೇಗ ಬಿಡುತ್ತದೆ. ತಿಳಿ ಹುರಿತದ್ದು ಗಟ್ಟಿ, ನಿಧಾನ. ಎರಡರ ನಡುವೆ ಅಂತರ ಜಾಸ್ತಿಯಾದರೆ ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಬರುತ್ತವೆ. ನುಣ್ಣಗೆ ಮಾಡಿದರೆ ಹುಳಿ ಇಳಿದು ಕಹಿ ಏರುತ್ತದೆ, ತರಿಯಾಗಿಸಿದರೆ ಕಹಿ ಇಳಿದು ಹುಳಿ ಏರುತ್ತದೆ. ಹೀಗಾದರೆ ಗ್ರೈಂಡರ್ ತಿರುಗಿಸುತ್ತಾ ಕೂರಬೇಡಿ, ಅಳತೆಯನ್ನೂ ಮುಟ್ಟಬೇಡಿ. ಇಥಿಯೋಪಿಯಾವನ್ನು ಇನ್ನೊಂದಿಷ್ಟು ಹೆಚ್ಚು ಹುರಿಯಿರಿ, ಇಲ್ಲವೇ ಅಂಥದ್ದನ್ನು ಕೊಳ್ಳಿ.

ಇನ್ನು, ಒಂದು ಶಾಟ್ ಚೆನ್ನಾಗಿದ್ದು ಮುಂದಿನದು ಹಾಳಾಗುವುದಕ್ಕೆ ಲೆಕ್ಕವೇ ಕಾರಣವಿರಬಹುದು. 18 ಗ್ರಾಂನಲ್ಲಿ ಇಥಿಯೋಪಿಯಾದ ಪಾಲು ಶೇ 20 ಅಂದರೆ 3.6 ಗ್ರಾಂ, ಸುಮಾರು 27 ಬೀಜ. ಎರಡು ಬೀಜ ಹೆಚ್ಚು ಕಡಿಮೆಯಾದರೆ ನಾಲಿಗೆಗೆ ಗೊತ್ತಾಗುವುದು ಕಷ್ಟ. ಅದೇ ಶೇ 5 ಇಟ್ಟರೆ ಏಳೇ ಬೀಜ! ಒಂದು ಶಾಟ್‌ಗೆ ನಾಲ್ಕು ಬೀಳುತ್ತವೆ, ಇನ್ನೊಂದಕ್ಕೆ ಹತ್ತು. ಹಾಗಾಗಿ ಶೇ 15ಕ್ಕಿಂತ ಕಡಿಮೆ ಪಾಲಿನ ಬೀಜ ನನ್ನ ಪ್ರಕಾರ ಸುಮ್ನೆ ತಲೆನೋವು. ಹಾಪರ್ ಅಲುಗಿದಾಗ ಸಣ್ಣ ಬೀಜಗಳು ಕೆಳಕ್ಕೆ ಜಾರುವುದೂ ಉಂಟು. ದಿನಕ್ಕೆ ಒಂದೆರಡೇ ಶಾಟ್ ಮಾಡುವವರು 9, 5.4, 3.6 ಗ್ರಾಂ ಎಂದು ಪ್ರತಿ ಸಲ ತೂಗಿ ಹಾಕುವುದೇ ವಾಸಿ.

ಹುರಿದ ತಕ್ಷಣ ಬೆರೆಸಬೇಡಿ. ಬೀಜದೊಳಗಿನ ಅನಿಲ ಹೊರಹೋಗಬೇಕು, ಇಲ್ಲದಿದ್ದರೆ ಕ್ರೆಮಾ ಬರೀ ನೊರೆಯಾಗಿ ಉಬ್ಬುತ್ತದೆ, ಶಾಟ್ ಸಮಯವೂ ನಿಲ್ಲುವುದಿಲ್ಲ. ಗಾಢ ಹುರಿತಕ್ಕೆ ಸಾಮಾನ್ಯವಾಗಿ ಒಂದು ವಾರ ಸಾಕು, ತಿಳಿ ಹುರಿತಕ್ಕೆ ಹತ್ತು ದಿನವಾದರೂ ಬೇಕು. ಅದಕ್ಕೇ ಇಥಿಯೋಪಿಯಾವನ್ನು ಮೂರ್ನಾಲ್ಕು ದಿನ ಮೊದಲೇ ಹುರಿದಿಟ್ಟುಕೊಳ್ಳಿ.

ಬ್ರೆಜಿಲ್‌ನ ಹೊಸ ಚೀಲ ಬಿಚ್ಚಿದಾಗ ಹಳೆಯ ಅಳತೆಯನ್ನೇ ನಂಬಬೇಡಿ. ಅರ್ಧ ಪಾಲು ಅದರದ್ದೇ ಅಲ್ವಾ? ಮತ್ತೆ ಚಮಚ ತೆಗೆದುಕೊಳ್ಳಿ.